ವಿದೇಶಿ ತಾಣದಲ್ಲಿ ಕೊಳ್ಳುವಾಗ: ಯಾವ ಕಾರ್ಡು, ಯಾವ ದಾರಿ?

ತುಮಕೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರೊಬ್ಬರು ಮಕ್ಕಳನ್ನು ದೇವರಾಯನದುರ್ಗದ ಕಡೆ ಕರೆದುಕೊಂಡು ಹೋಗಿ ಟೆಲಿಸ್ಕೋಪಿನಲ್ಲಿ ಶನಿಗ್ರಹ ತೋರಿಸುತ್ತಾರೆ. ಅವರಿಗೆ ಒಂದು ಒಳ್ಳೆಯ ಐಪೀಸ್, ಅಂದರೆ ಟೆಲಿಸ್ಕೋಪಿಗೆ ಕಣ್ಣಿಟ್ಟು ನೋಡುವ ಕಡೆ ಕೂರಿಸುವ ಮಸೂರ, ಬೇಕಿತ್ತು. ಇಲ್ಲಿ ಎಲ್ಲೂ ಸ್ಟಾಕ್ ಇಲ್ಲ. ಅಮೆರಿಕದ ಒಂದು ಅಂಗಡಿಯಲ್ಲಿ 150 ಡಾಲರ್‌ಗೆ ಇದೆ, ಆದರೆ ಅವರು ಭಾರತಕ್ಕೆ ಕಳಿಸುವುದಿಲ್ಲ. ಇನ್ನೊಂದು ಅಂಗಡಿಯವರು ಕಳಿಸುತ್ತಾರೆ, ಆದರೆ ಬೆಲೆ 165, ಸಾಗಣೆ ಬೇರೆ 28. "ಅಲ್ಲಿ ಪಾರ್ಸೆಲ್ ಪಡೆದು ಇಲ್ಲಿಗೆ ಕಳಿಸೋ ಫಾರ್ವರ್ಡಿಂಗ್ ಕಂಪನಿ ಮೂಲಕ ತರಿಸಿದ್ರೆ ಅಗ್ಗ ಅಲ್ವಾ ಸಾರ್? ಡೆಬಿಟ್ ಕಾರ್ಡಲ್ಲೇ ಕಟ್ಟಿಬಿಡ್ಲಾ?" ಎಂದು ಕೇಳಿದರು. ಇಂಥದೇ ಪ್ರಶ್ನೆಗಳು ಕೋಲಾರ, ಚಿಂತಾಮಣಿ, ತಿಪಟೂರಿನ ಓದುಗರಿಂದಲೂ ಬರುತ್ತಿರುತ್ತವೆ. ಹಾಗಾಗಿ ಮೇಷ್ಟ್ರ ಐಪೀಸನ್ನೇ ಮುಂದಿಟ್ಟುಕೊಂಡು ಎಲ್ಲವನ್ನೂ ತೂಗಿ ನೋಡೋಣ.

ಜಾಸ್ತಿ ಜನ ಕಾರ್ಡಿನ ವಿಷಯವನ್ನು ಒಂದು ಕಡೆ, ಪಾರ್ಸೆಲ್ ಬರುವ ದಾರಿಯನ್ನು ಇನ್ನೊಂದು ಕಡೆ ಇಟ್ಟು ಯೋಚಿಸುತ್ತಾರೆ. ನನ್ನ ಪ್ರಕಾರ ಇವೆರಡನ್ನೂ ಒಟ್ಟಿಗೇ ತೀರ್ಮಾನಿಸಬೇಕು. ನೀವು ಆರಿಸಿದ ದಾರಿ ಯಾವುದು ಎನ್ನುವುದರ ಮೇಲೆ, ನಿಮ್ಮ ಕಾರ್ಡು ಕೊಡುವ ರಕ್ಷಣೆ ಎಲ್ಲಿಯವರೆಗೆ ನಡೆಯುತ್ತದೆ ಎನ್ನುವುದು ನಿಂತಿರುತ್ತದೆ.

ಮೊದಲು ನೋಡಬೇಕಾದ್ದು ಏನು

ನಾನು ನಾಲ್ಕು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಕೆಟ್ಟದ್ದೇ ಆಯಿತು ಅಂದರೆ ನನ್ನ ಕೈಯಿಂದ ಹೋಗುವ ಹಣ ಗರಿಷ್ಠ ಎಷ್ಟು? ವಸ್ತು ಬರದಿದ್ದರೆ ಅಥವಾ ಒಡೆದು ಬಂದರೆ ಯಾರ ಹತ್ತಿರ ಹಣ ವಾಪಸ್ ಕೇಳಬಹುದು? ಮನೆ ಬಾಗಿಲಿಗೆ ಬರುವ ಹೊತ್ತಿಗೆ ಒಟ್ಟು ಎಷ್ಟು ಬೀಳುತ್ತದೆ? ಕೊನೆಯದಾಗಿ, ಓಡಾಟ ಮತ್ತು ಕಾಯುವಿಕೆ ಎಷ್ಟು? ಇದೇ ಕ್ರಮದಲ್ಲಿ ಕೇಳಿಕೊಳ್ಳಿ. ಮೂರನೆಯದನ್ನು ಮೊದಲು ಕೇಳಿಕೊಂಡವರೇ ಹೆಚ್ಚಾಗಿ ತೊಂದರೆಗೆ ಸಿಕ್ಕಿಬೀಳುವುದು.

ಹಣ ಕಟ್ಟುವ ಬಗೆಗಳು

ಡೆಬಿಟ್ ಕಾರ್ಡಿನಿಂದ ಶುರು ಮಾಡೋಣ, ಯಾಕೆಂದರೆ ಎಲ್ಲರ ಹತ್ತಿರ ಇರುವುದು ಅದೇ. ಅದರ ತೊಂದರೆ ಶುಲ್ಕದಲ್ಲಿಲ್ಲ, ಅದು ನಿಮ್ಮ ಸಂಬಳದ ಖಾತೆಗೇ ಅಂಟಿಕೊಂಡಿರುವುದರಲ್ಲಿದೆ. ನಮ್ಮ ದೇಶದ ತಾಣಗಳಲ್ಲಿ ಓಟಿಪಿ ಕೇಳುವ ಹಾಗೆ ಎಷ್ಟೋ ವಿದೇಶಿ ತಾಣಗಳು ಕೇಳುವುದಿಲ್ಲ. ಕಾರ್ಡ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು, ಹಿಂದಿನ ಮೂರು ಅಂಕಿ ಇಷ್ಟಿದ್ದರೆ ಸಾಕು, ಹಣ ಹೋಗಿಬಿಡುತ್ತದೆ. ಆ ಮಾಹಿತಿ ಸೋರಿಹೋದರೆ ಖಾಲಿಯಾಗುವುದು ಮನೆ ಬಾಡಿಗೆಯ ಹಣ. ಬ್ಯಾಂಕಿನ ಜೊತೆ ತಕರಾರು ನಡೆಯುವಷ್ಟು ದಿನ ಆ ಹಣ ಹೊರಗೇ ಇರುತ್ತದೆ.

ಕ್ರೆಡಿಟ್ ಕಾರ್ಡಿನಲ್ಲಿ ತಕರಾರು ನಡೆಯುವುದು ಬ್ಯಾಂಕಿನ ಹಣದ ಮೇಲೆ, ನಿಮ್ಮ ಉಳಿತಾಯದ ಮೇಲಲ್ಲ. ಸುರಕ್ಷತೆಯ ಲೆಕ್ಕದಲ್ಲಿ ಇದೇ ಮುಂದೆ. ಕ್ರೆಡಿಟ್ ಕಾರ್ಡ್ ಸಿಗುತ್ತಿಲ್ಲ ಎನ್ನುವವರಿಗೆ ಒಂದು ದಾರಿ ಇದೆ: ಹಲವು ಬ್ಯಾಂಕುಗಳು ಎಫ್‌ಡಿ ಇಟ್ಟರೆ ಅದರ ಆಧಾರದ ಮೇಲೆ ಕಾರ್ಡ್ ಕೊಡುತ್ತವೆ. ಸಂಬಳದ ಚೀಟಿ ಬೇಡ. ಇಪ್ಪತ್ತು ಸಾವಿರದ ಸಣ್ಣ ಎಫ್‌ಡಿ ಇಟ್ಟು ತೆಗೆದುಕೊಂಡ ಕಾರ್ಡಿನ ಮಿತಿಯೂ ಸಣ್ಣದೇ ಆಗಿರುತ್ತದೆ. ವಿದೇಶಿ ಖರೀದಿಗೆ ಅಂತಲೇ ಇಟ್ಟುಕೊಳ್ಳಲು ಅದು ನಿಜಕ್ಕೂ ಅನುಕೂಲ.

ಪೇಪಾಲ್ ಎಂಬ ಆನ್‌ಲೈನ್ ಪಾವತಿ ಸೇವೆಯ ಮೂಲಕ ಕಟ್ಟಿದರೆ ಮಾರುವವರಿಗೆ ನಿಮ್ಮ ಕಾರ್ಡ್ ಸಂಖ್ಯೆ ಕಾಣುವುದಿಲ್ಲ. ವಸ್ತು ಬರದಿದ್ದರೆ ಅಥವಾ ಹೇಳಿದ್ದೇ ಒಂದು, ಬಂದದ್ದೇ ಒಂದು ಆದರೆ, ಕಟ್ಟಿದ ದಿನದಿಂದ 180 ದಿನದೊಳಗೆ ಅಲ್ಲಿಯೇ ದೂರು ಕೊಡಬಹುದು. ಪರಿಚಯವಿಲ್ಲದ ಸಣ್ಣ ಅಂಗಡಿಗೆ ಇದು ಒಳ್ಳೆಯದು. ಆದರೆ ಡಾಲರನ್ನು ರೂಪಾಯಿಗೆ ತಿರುಗಿಸುವ ಕೆಲಸವನ್ನು ಪೇಪಾಲ್‌ಗೆ ಬಿಟ್ಟರೆ ಅದು ತನ್ನ ಲಾಭವನ್ನು ಸೇರಿಸಿಕೊಂಡು ದರ ಹಾಕುತ್ತದೆ. ಕಟ್ಟುವ ಪರದೆಯಲ್ಲಿ ಪರಿವರ್ತನೆಯ ಆಯ್ಕೆ ಬದಲಿಸಲು ಅವಕಾಶ ಕೊಟ್ಟಿದ್ದರೆ, ಮಾರುವವರ ಕರೆನ್ಸಿಯಲ್ಲೇ ಕಾರ್ಡಿಗೆ ಹಾಕುವಂತೆ ಮಾಡಿ. ಮಾರುವವರು "ಗೆಳೆಯರಿಗೆ ಕಳಿಸುವ ಹಾಗೆ ಕಳಿಸಿ, ಶುಲ್ಕ ಉಳಿಯುತ್ತೆ" ಅಂದರೆ ಅಲ್ಲಿಗೇ ನಿಲ್ಲಿಸಿ. ಹಾಗೆ ಕಳಿಸಿದ ಹಣಕ್ಕೆ ಯಾವ ರಕ್ಷಣೆಯೂ ಇಲ್ಲ. ಬ್ಯಾಂಕ್ ವರ್ಗಾವಣೆ, ಕ್ರಿಪ್ಟೊ, ಗಿಫ್ಟ್ ಕಾರ್ಡ್ ಕೇಳುವವರ ಜೊತೆ ಮಾತೇ ಬೇಡ.

ಫಾರೆಕ್ಸ್ ಕಾರ್ಡ್ ಪ್ರವಾಸಕ್ಕೆಂದು ಮಾಡಿದ್ದು. ಮೊದಲೇ ಡಾಲರ್ ತುಂಬಿಸಿಡುವುದರಿಂದ ಹೋಗುವ ಹಣ ಅಷ್ಟಕ್ಕೇ ಸೀಮಿತ. ಆದರೆ ಹಲವು ಕಡೆ ಪಾಸ್‌ಪೋರ್ಟ್, ಪ್ರಯಾಣದ ದಾಖಲೆ ಕೇಳುತ್ತಾರೆ, ತುಂಬಿಸಲು ಶುಲ್ಕ, ಜಿಎಸ್‌ಟಿ ಬೇರೆ. ಒಂದು ಐಪೀಸಿಗಾಗಿ ಇದನ್ನು ಮಾಡಿಸುವುದು ದಂಡ. ಮನೆಯಲ್ಲಿ ಆಗಲೇ ಇದ್ದರೆ ಮಾತು ಬೇರೆ.

ಕರೆನ್ಸಿ ಶುಲ್ಕ: ಎಷ್ಟು, ಎಲ್ಲಿ ಅಡಗಿರುತ್ತದೆ

ಕಾರ್ಡಿನಲ್ಲಿ ಡಾಲರ್ ಕಟ್ಟಿದಾಗ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಅವತ್ತಿನ ತನ್ನ ದರದಲ್ಲಿ ರೂಪಾಯಿಗೆ ತಿರುಗಿಸುತ್ತದೆ. ಆ ದರ ಸಾಮಾನ್ಯವಾಗಿ ಮಾರುಕಟ್ಟೆಯ ದರಕ್ಕೆ ಹತ್ತಿರವೇ ಇರುತ್ತದೆ. ಅದರ ಮೇಲೆ ನಿಮ್ಮ ಬ್ಯಾಂಕು ಮಾರ್ಕಪ್, ಅಂದರೆ ತನ್ನ ಪಾಲಿನ ಶುಲ್ಕ, ಹಾಕುತ್ತದೆ. ಬಹಳಷ್ಟು ಸಾಧಾರಣ ಕಾರ್ಡುಗಳಲ್ಲಿ ಇದು 3.5%ರ ಆಸುಪಾಸು, ಕೆಲವು ಮೇಲುದರ್ಜೆಯ ಕಾರ್ಡುಗಳಲ್ಲಿ 2%, ಕೆಲವದರಲ್ಲಿ ಸೊನ್ನೆಯೂ ಇದೆ. ಆ ಮಾರ್ಕಪ್ ಮೇಲೆ 18% ಜಿಎಸ್‌ಟಿ. ಹಾಗಾಗಿ 3.5% ಎನ್ನುವುದು ನಿಜದಲ್ಲಿ 4.13%. ನಿಮ್ಮ ಕಾರ್ಡಿನದು ಎಷ್ಟೆಂದು ತಿಳಿಯಲು ಬ್ಯಾಂಕಿನ ತಾಣದಲ್ಲಿ ಆ ಕಾರ್ಡಿನ ಮುಖ್ಯ ಷರತ್ತುಗಳ ಪಿಡಿಎಫ್ ತೆರೆದು `Foreign Currency` ಎಂದು ಹುಡುಕಿ. ಜಾಹೀರಾತಿನ ಪುಟದಲ್ಲಿ ಅದು ಇರುವುದಿಲ್ಲ.

ಇದಕ್ಕಿಂತ ದುಬಾರಿಯಾದ ಒಂದು ಬಲೆ ಇದೆ. ಕಟ್ಟುವ ಪುಟದಲ್ಲಿ `Pay in INR` ಮತ್ತು `Pay in USD` ಎಂಬ ಎರಡು ಗುಂಡಿ ಕಾಣುತ್ತವೆ. ರೂಪಾಯಿ ನೋಡಿದರೆ ನಮಗೆ ಧೈರ್ಯ ಬರುತ್ತದೆ, ಸಹಜ. ಆದರೆ ಅಲ್ಲಿ ದರ ಹಾಕುವವರು ಅಂಗಡಿಯ ಕಡೆಯವರು, ತಮ್ಮ ಲಾಭ ಸೇರಿಸಿಯೇ ಹಾಕಿರುತ್ತಾರೆ. ಅಷ್ಟು ಸಾಲದು ಎಂಬಂತೆ, ಹೊರದೇಶದ ಅಂಗಡಿಗೆ ರೂಪಾಯಿಯಲ್ಲಿ ಕಟ್ಟಿದರೂ ಹಲವು ಬ್ಯಾಂಕುಗಳು ಬೇರೆ ಶುಲ್ಕ ಹಾಕುತ್ತವೆ. ಯಾವಾಗಲೂ ಅಂಗಡಿಯ ಕರೆನ್ಸಿಯನ್ನೇ ಒತ್ತಿ.

ಮೇಷ್ಟ್ರ ಎರಡನೇ ಅಂಗಡಿಯ ಬಿಲ್ಲು 165ಕ್ಕೆ 28 ಸೇರಿ 193 ಡಾಲರ್. ಲೆಕ್ಕಕ್ಕೆ ಡಾಲರಿಗೆ 90 ರೂಪಾಯಿ ಎಂದಿಟ್ಟುಕೊಂಡರೆ 17,370. ಮಾರ್ಕಪ್ 3.5% ಇರುವ ಕಾರ್ಡಿನಲ್ಲಿ ಶುಲ್ಕ, ಜಿಎಸ್‌ಟಿ ಸೇರಿ 717 ರೂಪಾಯಿ. 2%ನ ಕಾರ್ಡಿನಲ್ಲಿ 410. ರೂಪಾಯಿ ಗುಂಡಿ ಒತ್ತಿ, ಅಂಗಡಿ 5% ಸೇರಿಸಿ, ಬ್ಯಾಂಕು ಮತ್ತೆ 1% ಮತ್ತು ಅದರ ಜಿಎಸ್‌ಟಿ ಹಾಕಿದರೆ 1,080 ದಾಟುತ್ತದೆ. ವರ್ಷಕ್ಕೊಮ್ಮೆ ಕೊಳ್ಳುವವರು 300 ರೂಪಾಯಿ ಉಳಿಸಲು ವಾರ್ಷಿಕ ಶುಲ್ಕದ ಹೊಸ ಕಾರ್ಡ್ ಮಾಡಿಸಬೇಕಿಲ್ಲ. ತಿಂಗಳು ತಿಂಗಳು ತರಿಸುವವರಿಗೆ ಮಾತ್ರ ಕಡಿಮೆ ಮಾರ್ಕಪ್ ಕಾರ್ಡ್ ಲಾಭ.

ಇನ್ನೊಂದು ಮಾತು. ವಸ್ತು ವಾಪಸ್ ಮಾಡಿದಾಗ 193 ಡಾಲರ್ ಪೂರ್ತಿ ಬಂದರೂ ರೂಪಾಯಿಯಲ್ಲಿ ಅಷ್ಟೇ ಬರುವುದಿಲ್ಲ. ವಾಪಸಾದ ದಿನದ ದರ ಲೆಕ್ಕಕ್ಕೆ ಬರುತ್ತದೆ, ಮೊದಲು ಕಟ್ಟಿದ ಮಾರ್ಕಪ್ ಸಾಮಾನ್ಯವಾಗಿ ಹಿಂದಿರುಗುವುದಿಲ್ಲ. ಅಳತೆ ಸರಿಹೋಗದೇ ವಾಪಸಾಗುವ ಸಾಧ್ಯತೆ ಇರುವ ಬಟ್ಟೆ, ಶೂಗಳಿಗೆ ಇದನ್ನು ನೆನಪಿಟ್ಟುಕೊಳ್ಳಿ.

ಪಾರ್ಸೆಲ್ ಬರುವ ದಾರಿಗಳು

ಅಂಗಡಿಯವರೇ ನೇರವಾಗಿ ತುಮಕೂರಿನ ವಿಳಾಸಕ್ಕೆ ಕಳಿಸಿದರೆ, ಪೆಟ್ಟಿಗೆ ನಿಮ್ಮ ಕೈ ಸೇರುವವರೆಗೂ ಹೊಣೆ ಅವರದು. ಬರದಿದ್ದರೆ ಅವರನ್ನೇ ಕೇಳಬಹುದು, ಅವರು ಓಗೊಡದಿದ್ದರೆ ಪೇಪಾಲ್ ಅಥವಾ ಬ್ಯಾಂಕಿನ ಮೂಲಕ ಹಣ ವಾಪಸ್ ಕೇಳಬಹುದು. ಇದರಲ್ಲೇ ಇನ್ನೂ ನಿರಾಳವಾದದ್ದು, ಸುಂಕವನ್ನೂ ಮೊದಲೇ ವಸೂಲಿ ಮಾಡುವ ದೊಡ್ಡ ತಾಣಗಳು. ಅಮೆರಿಕದ ಅಮೆಜಾನ್ ಹೀಗೆ ಆಮದು ಶುಲ್ಕದ ಠೇವಣಿ ತೆಗೆದುಕೊಂಡು, ಸುಂಕ ಕಡಿಮೆ ಬಿದ್ದರೆ ಉಳಿದದ್ದನ್ನು ಹಿಂದಿರುಗಿಸುತ್ತದೆ.

ಫಾರ್ವರ್ಡಿಂಗ್ ಸೇವೆ ಬೇರೆ ಥರ. ಅವರು ನಿಮಗೆ ಅಮೆರಿಕದಲ್ಲಿ ಒಂದು ಗೋದಾಮಿನ ವಿಳಾಸ, ಜೊತೆಗೆ ನಿಮ್ಮದೇ ಸೂಟ್ ಸಂಖ್ಯೆ ಕೊಡುತ್ತಾರೆ. ಅಂಗಡಿಯವರು ಅಲ್ಲಿಗೆ ಕಳಿಸುತ್ತಾರೆ. ಅಲ್ಲಿಂದ ಇಲ್ಲಿಗೆ ತರಲು ನೀವು ಫಾರ್ವರ್ಡರಿಗೆ ಬೇರೆಯಾಗಿ ಕಟ್ಟುತ್ತೀರಿ. ಗೋದಾಮು ಡೆಲಾವೇರ್ ಅಥವಾ ಒರೆಗಾನ್ ರಾಜ್ಯದಲ್ಲಿದ್ದರೆ ಅಲ್ಲಿನ ಮಾರಾಟ ತೆರಿಗೆ ಬೀಳುವುದಿಲ್ಲ. ಬೇರೆ ರಾಜ್ಯಗಳಲ್ಲಿ ಬಿಲ್ಲಿನ ಮೇಲೆ ಆ ತೆರಿಗೆ ಸೇರಿಕೊಳ್ಳಬಹುದು. ಸೇವೆ ಆರಿಸುವಾಗ ಮೊದಲು ವಿಳಾಸದ ರಾಜ್ಯ ನೋಡಿ.

ಇಲ್ಲಿ ಒಂದು ವಿಷಯ ಎಲ್ಲರೂ ಮರೆಯುತ್ತಾರೆ. ಗೋದಾಮಿನಲ್ಲಿ ಯಾರೋ ಸಹಿ ಹಾಕಿ ಪೆಟ್ಟಿಗೆ ತೆಗೆದುಕೊಂಡ ಕ್ಷಣಕ್ಕೆ ಅಂಗಡಿಯವರ ದೃಷ್ಟಿಯಲ್ಲಿ ವಸ್ತು ತಲುಪಿತು. ಮುಂದೆ ಅದು ಕಳೆದುಹೋದರೆ "ಬರಲಿಲ್ಲ" ಎಂಬ ದೂರು ನಿಲ್ಲುವುದಿಲ್ಲ. ಈಬೇಯ ಖರೀದಿದಾರರ ರಕ್ಷಣೆ ಕೂಡ, ಮೊದಲ ವಿಳಾಸಕ್ಕೆ ತಲುಪಿ ಅಲ್ಲಿಂದ ಬೇರೆ ಕಡೆಗೆ ಕಳಿಸಿದ ವಸ್ತುವಿಗೆ ಅನ್ವಯಿಸುವುದಿಲ್ಲ. ಅಂದರೆ ನೀವು ಎಷ್ಟೇ ಒಳ್ಳೆಯ ಕಾರ್ಡಿನಲ್ಲಿ ಕಟ್ಟಿದ್ದರೂ, ಅಂಗಡಿಯ ಮೇಲಿನ ಹಿಡಿತ ಗೋದಾಮಿನ ಬಾಗಿಲಲ್ಲೇ ಸಡಿಲವಾಗುತ್ತದೆ.

ಹಾಗಾಗಿ ಫಾರ್ವರ್ಡಿಂಗ್ ಬಳಸಲೇಬೇಕಾದವರು ಗೋದಾಮಿನಲ್ಲೇ ವಸ್ತುವನ್ನು ಪರೀಕ್ಷಿಸಿಕೊಳ್ಳಬೇಕು. ಕೆಲವು ಡಾಲರ್ ಕೊಟ್ಟರೆ ಪೆಟ್ಟಿಗೆ ಬಿಚ್ಚಿ ಫೋಟೋ ತೆಗೆದು ಕಳಿಸುತ್ತಾರೆ. ಐಪೀಸಿನಲ್ಲಾದರೆ ಮುಂದಿನ ಮತ್ತು ಹಿಂದಿನ ಗಾಜು, ಬ್ಯಾರೆಲ್ ಮೇಲೆ ಕೊರೆದಿರುವ ಮಿಲಿಮೀಟರ್ ಸಂಖ್ಯೆ, ಮುಚ್ಚಳಗಳು ಇಷ್ಟರ ಫೋಟೋ ಕೇಳಿ. ಗೀರು ಕಂಡರೆ, ಬೇರೆ ಮಾದರಿ ಬಂದಿದ್ದರೆ, ಅಂಗಡಿಯ ವಾಪಸಾತಿ ಅವಧಿಯೊಳಗೆ ಅಮೆರಿಕದಿಂದಲೇ ಹಿಂದಕ್ಕೆ ಕಳಿಸಬಹುದು. ಒಮ್ಮೆ ಅದು ತುಮಕೂರಿಗೆ ಬಂದಮೇಲೆ ವಾಪಸ್ ಕಳಿಸುವ ಖರ್ಚೇ ಅರ್ಧ ಬೆಲೆ ಆಗಿಬಿಡುತ್ತದೆ.

ಇನ್ನು ತೂಕ. ವಿಮಾನದ ಕೊರಿಯರಿನವರು ನಿಜವಾದ ತೂಕ, ಗಾತ್ರದ ತೂಕ ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದರ ಹಾಕುತ್ತಾರೆ. ಗಾತ್ರದ ತೂಕವೆಂದರೆ ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5,000ದಿಂದ ಭಾಗಿಸಿದ್ದು. ಐಪೀಸು ಅರ್ಧ ಕಿಲೋ ಚಿಲ್ಲರೆ ಇರಬಹುದು. ಆದರೆ ಅಂಗಡಿಯ ಪೆಟ್ಟಿಗೆ 30, 20, 15 ಸೆಂಟಿಮೀಟರ್ ಇದ್ದರೆ ಲೆಕ್ಕಕ್ಕೆ ಬರುವುದು 1.8 ಕಿಲೋ. ಅದನ್ನೇ 20, 15, 12ರ ಪೆಟ್ಟಿಗೆಗೆ ಬದಲಿಸಿದರೆ 0.72 ಕಿಲೋ. ಮರುಪ್ಯಾಕಿಂಗಿಗೆ ಹೇಳುವುದು ಇದಕ್ಕೇ. ಗಾಜಿನ ವಸ್ತುವಾದರೆ ಸುತ್ತಲಿನ ಮೆತ್ತನೆಯ ಹಾಸು ತೆಗೆಯಬೇಡಿ ಎಂದೂ ಬರೆಯಿರಿ.

ಫಾರ್ವರ್ಡರು "ವಸ್ತುವಿನ ಮೌಲ್ಯ ಎಷ್ಟು?" ಎಂದು ಕೇಳುತ್ತಾರೆ. ಕೆಲವರು ಸುಂಕ ಉಳಿಸಲು 30 ಡಾಲರ್ ಎಂದು ಬರೆಯುತ್ತಾರೆ. ಅದು ತಪ್ಪು. ಕಸ್ಟಮ್ಸಿನವರು ನಂಬದಿದ್ದರೆ ತಾವೇ ಬೆಲೆ ಕಟ್ಟಿ ದಂಡವನ್ನೂ ಹಾಕಬಹುದು. ಪೆಟ್ಟಿಗೆ ಕಳೆದರೆ ವಿಮೆಯಿಂದ ಸಿಗುವುದೂ ಆ 30 ಡಾಲರ್ ಮಾತ್ರ. "ಗಿಫ್ಟ್ ಅಂತ ಬರೆಸಿ, 5,000ದವರೆಗೆ ಸುಂಕ ಇಲ್ಲ" ಎಂಬ ಹಳೆಯ ಸಲಹೆ ಇನ್ನೂ ಓಡಾಡುತ್ತಿದೆ. ಆ ವಿನಾಯಿತಿಯನ್ನು 2019ರ ಡಿಸೆಂಬರಿನಲ್ಲೇ ತೆಗೆದಿದ್ದಾರೆ. ಈಗ ರಾಖಿ ಮತ್ತು ಜೀವರಕ್ಷಕ ಔಷಧಿಗೆ ಮಾತ್ರ ಅದು ಉಳಿದಿದೆ.

ಮೂರನೆಯ ದಾರಿ ನೆಂಟರು. ಅಮೆರಿಕದಲ್ಲಿರುವ ತಮ್ಮನೋ ಮಗಳೋ ಊರಿಗೆ ಬರುವಾಗ ತರುವುದು. ಸಣ್ಣ, ಬೆಲೆಬಾಳುವ, ಅವಸರವಿಲ್ಲದ ವಸ್ತುವಿಗೆ ಇದಕ್ಕಿಂತ ಅಗ್ಗದ್ದಿಲ್ಲ. ಅವರು ತಮ್ಮ ಅಲ್ಲಿನ ಕಾರ್ಡಿನಲ್ಲೇ ಕೊಂಡರೆ ಕರೆನ್ಸಿ ಶುಲ್ಕವೂ ಇಲ್ಲ. ಅವರ ಸೂಟ್‌ಕೇಸಿನ ಜಾಗ, ಬ್ಯಾಗೇಜ್ ನಿಯಮದ ಮಿತಿ ಎರಡನ್ನೂ ಮೊದಲೇ ಕೇಳಿಕೊಳ್ಳಿ.

ಮೇಷ್ಟ್ರ ಲೆಕ್ಕ

ಸುಂಕ ಬೀಳುವುದು ವಸ್ತುವಿನ ಬೆಲೆಗೆ ಮಾತ್ರವಲ್ಲ, ಸಾಗಣೆ ಮತ್ತು ವಿಮೆಯನ್ನೂ ಸೇರಿಸಿದ ಮೊತ್ತಕ್ಕೆ. ಅದರ ಮೇಲೆ ಆಮದಿಗೆ ಬೀಳುವ ಜಿಎಸ್‌ಟಿಯಾದ ಐಜಿಎಸ್‌ಟಿ. ದರಗಳು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತವೆ, ಕೊಳ್ಳುವ ವಾರದ ದರವನ್ನೇ ನೋಡಿಕೊಳ್ಳಬೇಕು. ಹೋಲಿಕೆಗೆ ಮಾತ್ರ ಎಲ್ಲಾ ಸೇರಿ 40% ಎಂದಿಟ್ಟುಕೊಳ್ಳೋಣ.

ಫಾರ್ವರ್ಡಿಂಗ್ ದಾರಿಯಲ್ಲಿ ವಸ್ತು 150 ಡಾಲರ್, ಅಂದರೆ 13,500 ರೂಪಾಯಿ. ಅದಕ್ಕೆ ಕಾರ್ಡ್ ಶುಲ್ಕ 558. ಫಾರ್ವರ್ಡರಿಗೆ ಸಾಗಣೆ, ಫೋಟೋ, ವಿಮೆ ಎಲ್ಲಾ ಸೇರಿ 40 ಡಾಲರ್ ಎಂದುಕೊಂಡರೆ 3,600, ಅದಕ್ಕೂ ಕಾರ್ಡ್ ಶುಲ್ಕ 149. ಇಡೀ 190 ಡಾಲರಿಗೆ ಸುಂಕ 6,840. ಒಟ್ಟು 24,647. ನೇರ ದಾರಿಯಲ್ಲಿ 17,370, ಕಾರ್ಡ್ ಶುಲ್ಕ 717, ಸುಂಕ 6,948. ಒಟ್ಟು 25,035. ಕೊರಿಯರಿನವರು ನಿಮ್ಮ ಪರವಾಗಿ ಸುಂಕ ಕಟ್ಟಿದ್ದಕ್ಕೆ ಹಾಕುವ ಶುಲ್ಕ ಎರಡರಲ್ಲೂ ಬೀಳಬಹುದು.

150 ಮತ್ತು 193 ಎಂದು ನೋಡಿದಾಗ ದೊಡ್ಡದಾಗಿ ಕಂಡ ವ್ಯತ್ಯಾಸ ಬಾಗಿಲಿಗೆ ಬರುವಾಗ 388 ರೂಪಾಯಿಗೆ ಇಳಿಯಿತು. ಆ 388ಕ್ಕೆ ಸಿಗುವುದು ತುಮಕೂರಿನವರೆಗೂ ಅಂಗಡಿಯವರ ಹೊಣೆ, ಒಂದೇ ಕಡೆ ಕಟ್ಟುವ ನೆಮ್ಮದಿ. ಮೇಷ್ಟ್ರಿಗೆ ನೇರ ದಾರಿಯನ್ನೇ ಹೇಳಿದೆ. ಅದೇ ಅವರು ಮೂರು ಅಂಗಡಿಗಳಿಂದ ಫಿಲ್ಟರ್, ಡಯಾಗನಲ್, ಐಪೀಸ್ ಮೂರನ್ನೂ ತರಿಸುವುದಾಗಿದ್ದರೆ ನನ್ನ ಉತ್ತರ ಬದಲಾಗುತ್ತಿತ್ತು. ಆಗ ಮೂರು ಬಾರಿ ವಿದೇಶಿ ಸಾಗಣೆ ಕಟ್ಟುವ ಬದಲು ಗೋದಾಮಿನಲ್ಲಿ ಒಂದೇ ಪೆಟ್ಟಿಗೆಗೆ ಸೇರಿಸಿ ತರಿಸಬಹುದು, ಉಳಿತಾಯ ಸಾವಿರಗಳಲ್ಲಿ ಇರುತ್ತದೆ. ಭಾರತಕ್ಕೆ ಯಾರೂ ಕಳಿಸದ ವಸ್ತುವಿಗೂ ಫಾರ್ವರ್ಡಿಂಗೇ ಗತಿ.

ಕೆಲವಕ್ಕೆ ಯಾವ ದಾರಿಯೂ ಇಲ್ಲ. ಡ್ರೋನ್ ಆಮದು ನಿಷೇಧವಾಗಿದೆ, ಇ-ಸಿಗರೇಟೂ ಅಷ್ಟೇ. ಕೋಲಾರ, ಚಿಕ್ಕಬಳ್ಳಾಪುರದ ರೈತ ಬಂಧುಗಳು ವಿಶೇಷವಾಗಿ ಗಮನಿಸಬೇಕಾದ್ದು ಬೀಜ. ಹೊರದೇಶದ ತಾಣದಲ್ಲಿ ಟೊಮೆಟೊ ಅಥವಾ ಹೂವಿನ ಬೀಜದ ಪೊಟ್ಟಣ ಎರಡು ಡಾಲರಿಗೆ ಕಾಣುತ್ತದೆ. ಆದರೆ ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಬೀಜ ತರುವಂತಿಲ್ಲ. ಕಟ್ಟಿದ ಹಣ ಹೋಗುವುದಷ್ಟೇ ಅಲ್ಲ, ಹೊಸ ರೋಗವೊಂದು ಹೊಲಕ್ಕೆ ಬಂದರೆ ಊರಿಗೇ ನಷ್ಟ.

ಕಟ್ಟುವ ದಿನ

ಆರ್‌ಬಿಐ ನಿಯಮದಂತೆ 2020ರ ಅಕ್ಟೋಬರಿನಿಂದ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದುಕೊಂಡು ಬರುತ್ತವೆ. ಮೇಷ್ಟ್ರ ಕಾರ್ಡ್ ಮೊದಲ ಸಲ ತಿರಸ್ಕೃತವಾದದ್ದು ಇದಕ್ಕೇ. ಬ್ಯಾಂಕಿನ ಆ್ಯಪಿನಲ್ಲಿ ಅಂತಾರಾಷ್ಟ್ರೀಯ ಆನ್‌ಲೈನ್ ಬಳಕೆಯನ್ನು ಆನ್ ಮಾಡಿ, ಮಿತಿಯನ್ನು ಬಿಲ್ಲಿಗಿಂತ ಸ್ವಲ್ಪ ಮೇಲಿಡಿ. 17,370ಕ್ಕೆ 19,000 ಇಟ್ಟರೆ ದರದ ಏರಿಳಿತಕ್ಕೆ ಸಾಕು. ಕಟ್ಟಿದ ತಕ್ಷಣ ಆಫ್ ಮಾಡಿ. ಫಾರ್ವರ್ಡರ ಖಾತೆಯಲ್ಲಿ ಕಾರ್ಡ್ ಉಳಿಸಿದ್ದರೂ ಆಗ ಅದರಿಂದ ಹೊಸದಾಗಿ ಹಣ ಎಳೆಯುವುದು ಕಷ್ಟ. ಬಿಲ್ಲಿಂಗ್ ವಿಳಾಸದ ಜಾಗದಲ್ಲಿ ಬ್ಯಾಂಕಿನಲ್ಲಿರುವ ತುಮಕೂರಿನ ವಿಳಾಸವನ್ನೇ ಬರೆಯಿರಿ. ಅಲ್ಲಿ ಗೋದಾಮಿನ ವಿಳಾಸ ಹಾಕಿದರೆ ತಾಳೆಯಾಗದೆ ಎಷ್ಟೋ ಅಂಗಡಿಗಳು ಆರ್ಡರನ್ನೇ ರದ್ದು ಮಾಡುತ್ತವೆ.

ಪಾರ್ಸೆಲ್ ದಾರಿಯಲ್ಲಿರುವಾಗ ಕೊರಿಯರಿನವರು ಕೆವೈಸಿ ದಾಖಲೆ ಕೇಳುವುದು ನಿಜ. ಮೋಸಗಾರರೂ ಅದನ್ನೇ ಕಾಯುತ್ತಿರುತ್ತಾರೆ. "ವಿಳಾಸ ತಪ್ಪಾಗಿದೆ, 25 ರೂಪಾಯಿ ಕಟ್ಟಿ" ಎಂದು ಅಂಚೆ ಇಲಾಖೆಯ ಹೆಸರಲ್ಲಿ ಲಿಂಕ್ ಬಂದರೆ ಒತ್ತಬೇಡಿ. ಟ್ರ್ಯಾಕಿಂಗ್ ಸಂಖ್ಯೆಯನ್ನು ನೀವೇ ಕೊರಿಯರಿನ ತಾಣಕ್ಕೆ ಹೋಗಿ ಹಾಕಿ. ಬಾಕಿ ಇರುವ ಸುಂಕ, ದಾಖಲೆ ಎರಡೂ ಅಲ್ಲಿ ಕಾಣಬೇಕು.

ನೀವು ಮಾಡದ ವ್ಯವಹಾರದ ಸಂದೇಶ ಬಂದರೆ ಕೂಡಲೇ ಕಾರ್ಡ್ ಬ್ಲಾಕ್ ಮಾಡಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ನಿಮ್ಮ ತಪ್ಪಾಗಲಿ ಬ್ಯಾಂಕಿನ ತಪ್ಪಾಗಲಿ ಇಲ್ಲದೆ ಹೊರಗೆಲ್ಲೋ ಸೋರಿಕೆಯಾಗಿದ್ದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ನಷ್ಟದ ಹೊಣೆ ಇಲ್ಲ ಎಂದು 2017ರ ಆರ್‌ಬಿಐ ಸುತ್ತೋಲೆ ಹೇಳುತ್ತದೆ. ನಾಲ್ಕರಿಂದ ಏಳು ಕೆಲಸದ ದಿನವಾದರೆ ಹೊಣೆಯ ಒಂದು ಪಾಲು ನಿಮ್ಮ ಮೇಲೆ ಬರುತ್ತದೆ. ನೀವೇ ಕಟ್ಟಿ ವಸ್ತು ಬರದಿದ್ದರೆ ದಾರಿ ಬೇರೆ. ಮೊದಲು ಅಂಗಡಿಗೆ ಇಮೇಲಿನಲ್ಲೇ ಬರೆಯಿರಿ, ಫೋನ್ ಮಾತಿಗೆ ಸಾಕ್ಷಿ ಇರುವುದಿಲ್ಲ. ಉತ್ತರ ಬಾರದಿದ್ದರೆ ಆ ಇಮೇಲ್, ಆರ್ಡರ್ ಪುಟ, ಟ್ರ್ಯಾಕಿಂಗ್ ಪರದೆ ಮೂರನ್ನೂ ಸೇರಿಸಿ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್, ಅಂದರೆ ಕಾರ್ಡಿನಲ್ಲಿ ಕಟ್ಟಿದ ಹಣ ವಾಪಸ್ ಕೇಳುವ ಅರ್ಜಿ, ಹಾಕಿ. ವೀಸಾ, ಮಾಸ್ಟರ್‌ಕಾರ್ಡ್‌ಗಳಲ್ಲಿ ಇದಕ್ಕೆ ಸಾಮಾನ್ಯವಾಗಿ 120 ದಿನದ ಗಡುವಿದೆ, ಆದರೆ ಬ್ಯಾಂಕುಗಳು ಅದಕ್ಕಿಂತ ಬೇಗ ಕೇಳುವುದುಂಟು. ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ `cms.rbi.org.in` ನಲ್ಲಿ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ.